ಸಹಿ ಹಾಕುವ ಮೊದಲೇ ಕೇಳಿ: ಹೊಸ ಕಂಪನಿಯ 90 ದಿನದ ನೋಟಿಸ್ ಕಡಿಮೆ ಮಾಡಿಸಿಕೊಳ್ಳುವುದು ಹೇಗೆ

ಹೊಸ ಕೆಲಸದ ಆಫರ್ ಲೆಟರ್ ಬಂದ ದಿನ ಎಲ್ಲರೂ ಮೊದಲು ನೋಡುವುದು ಸಂಬಳ. ಆಮೇಲೆ ಜಾಯಿನಿಂಗ್ ದಿನಾಂಕ. ವಾರಕ್ಕೆ ಎಷ್ಟು ದಿನ ಆಫೀಸಿಗೆ ಹೋಗಬೇಕು ಅನ್ನೋದು ಅದರ ನಂತರ. ನೋಟಿಸ್ ಪೀರಿಯಡ್‌ನ ಸಾಲನ್ನು ಹೆಚ್ಚಿನವರು ಓದುವುದೇ ಇಲ್ಲ. ಎರಡು ಮೂರು ವರ್ಷ ಕಳೆದು ಆ ಕೆಲಸ ಬಿಡುವಾಗಲೇ ಅದು ಕಣ್ಣಿಗೆ ಬೀಳುತ್ತದೆ. ಅಷ್ಟೊತ್ತಿಗೆ ಬೆಂಗಳೂರಿನ ಯಾವುದೋ ಕಂಪನಿ ‘ಒಂದು ತಿಂಗಳಲ್ಲಿ ಬಂದರೆ ಮಾತ್ರ’ ಎಂದು ಕೂತಿರುತ್ತದೆ, ಕೈಯಲ್ಲಿರುವ ಕಂಪನಿ ಮೂರು ತಿಂಗಳು ಬಿಡುವುದಿಲ್ಲ ಎನ್ನುತ್ತದೆ.

ನಾನು ಪುಣೆಯಲ್ಲಿ ಎಚ್‌ಆರ್ ಕೆಲಸದಲ್ಲಿದ್ದೇನೆ. ಇಂಥ ಲೆಟರ್‌ಗಳನ್ನು ಕಳಿಸುವ ಕಡೆ ಕೂತವಳು. ಕೇಳಿದವರಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಹತ್ತಿರದಿಂದ ನೋಡಿದ್ದೇನೆ. ಕೇಳುವವರೇ ಕಡಿಮೆ ಅನ್ನುವುದು ನನಗೆ ನಿಜವಾಗಿ ಬೇಜಾರಿನ ಸಂಗತಿ. ಇಲ್ಲಿ ಬರೆಯುತ್ತಿರುವುದು ಈಗಿನ ಕಂಪನಿಯಿಂದ ಬೇಗ ಬಿಡಿಸಿಕೊಳ್ಳುವ ಬಗ್ಗೆ ಅಲ್ಲ. ನೀವು ಸೇರಲಿರುವ ಕಂಪನಿ ನಿಮ್ಮ ಮೇಲೆ ಹೇರುವ ನೋಟಿಸನ್ನು, ಸೇರುವ ಮೊದಲೇ ಸರಿ ಮಾಡಿಸಿಕೊಳ್ಳುವ ಬಗ್ಗೆ.

ಉದಾಹರಣೆಗೆ ನಮ್ಮ ಅಕ್ಕನ ಮಗಳ ವಿಷಯವನ್ನೇ ಹೇಳುತ್ತೇನೆ. ಧಾರವಾಡದ ಹುಡುಗಿ. ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದಳು. ಖರಾಡಿಯ ಒಂದು ಕಂಪನಿಯಿಂದ ಆಫರ್ ಬಂತು. ಅವತ್ತೇ ರಾತ್ರಿ ಫೋನ್ ಮಾಡಿದಳು.

“ಮೌಶಿ, ಆಫರ್ ಬಂತು. ನಾಳೆ ಸಂಜಿಯೊಳಗ ಆಕ್ಸೆಪ್ಟ್ ಮಾಡ್ರಿ ಅಂತ ಬರದಾರ. ಮಾಡಿಬಿಡ್ಲೇನು?”

“ತಡಿ. ನೋಟಿಸ್ ಎಷ್ಟು ದಿನ ಅದ ನೋಡು.”

“ಅದರ ಬಗ್ಗೆ ಏನೂ ಇಲ್ಲ ಮೌಶಿ. ಉಳಿದ ಷರತ್ತು ಅಪಾಯಿಂಟ್‌ಮೆಂಟ್ ಲೆಟರ್‌ನ್ಯಾಗ ಇರ್ತಾವು ಅಂತ ಒಂದು ಲೈನ್ ಅದ, ಅಷ್ಟ.”

ತೊಂದರೆ ಶುರುವಾಗುವುದು ಆ ಒಂದು ಲೈನಿನಿಂದಲೇ.

ಮೊದಲು ಅಪಾಯಿಂಟ್‌ಮೆಂಟ್ ಲೆಟರಿನ ಕರಡು ತರಿಸಿಕೊಳ್ಳಿ

ಆಫರ್ ಲೆಟರ್ ಬೇರೆ, ಅಪಾಯಿಂಟ್‌ಮೆಂಟ್ ಲೆಟರ್ ಬೇರೆ. ಆಫರ್ ಲೆಟರ್ ಸಾಮಾನ್ಯವಾಗಿ ಒಂದೆರಡು ಪುಟ. ಹುದ್ದೆ, ಸಂಬಳದ ವಿವರ, ಸೇರುವ ದಿನ, ಇಷ್ಟು ಇರುತ್ತದೆ. ಅಪಾಯಿಂಟ್‌ಮೆಂಟ್ ಲೆಟರ್ ಉದ್ದದ್ದು. ನೋಟಿಸ್, ಪ್ರೊಬೇಷನ್, ಗೌಪ್ಯತೆ, ಬಾಂಡ್ ಎಲ್ಲ ಅದರಲ್ಲಿ. ಎಷ್ಟೋ ಕಂಪನಿಗಳು ಇದನ್ನು ಕೊಡುವುದು ಸೇರಿದ ದಿನ. ಅವತ್ತು ನಿಮ್ಮ ಹಳೆ ಕೆಲಸ ಹೋಗಿರುತ್ತದೆ. ಬೆಳಿಗ್ಗೆ ಲ್ಯಾಪ್‌ಟಾಪ್, ಐಡಿ ಕಾರ್ಡ್ ಜೊತೆ ಇಪ್ಪತ್ತು ಪುಟ ಕೊಟ್ಟು ‘ಇಲ್ಲಿ ಸಹಿ ಮಾಡಿ’ ಎಂದರೆ ಯಾರು ತಾನೇ ಬೇಡ ಅಂತಾರೆ?

ಹಾಗಾಗಿ ಆಫರ್ ಒಪ್ಪುವ ಮೊದಲೇ ಕರಡು ಕೇಳಿ. ‘ಆಫರ್ ತುಂಬಾ ಖುಷಿಯಾಯಿತು. ಒಪ್ಪುವ ಮೊದಲು ಅಪಾಯಿಂಟ್‌ಮೆಂಟ್ ಲೆಟರಿನ ಕರಡನ್ನು ಒಮ್ಮೆ ಓದಬೇಕು, ದಯವಿಟ್ಟು ಕಳಿಸಿ. ಎರಡು ದಿನದಲ್ಲಿ ಉತ್ತರ ಕೊಡುತ್ತೇನೆ’ ಎಂದು ಒಂದು ಮೇಲ್ ಸಾಕು. ಇದರಲ್ಲಿ ಜಗಳದ ಮಾತೇ ಇಲ್ಲ. ಕರಡು ಕೊಡುವುದಿಲ್ಲ ಎಂದರೆ ‘ನೋಟಿಸ್ ಮತ್ತು ಪ್ರೊಬೇಷನ್ ಷರತ್ತುಗಳನ್ನಾದರೂ ಮೇಲ್‌ನಲ್ಲಿ ಬರೆದು ಕಳಿಸಿ’ ಅನ್ನಿ. ಅದನ್ನೂ ಕೊಡದ ಕಂಪನಿಯಾದರೆ ಅದು ಒಂದು ಸೂಚನೆ ಅಂತ ತಿಳಿಯಿರಿ.

ಈಗಿನ ಕಂಪನಿಗೆ ರಾಜೀನಾಮೆ ಕೊಡುವುದು ಈ ಮಾತುಕತೆ ಮುಗಿದ ಮೇಲೆ. ರಾಜೀನಾಮೆ ಕೊಟ್ಟ ಮರುಕ್ಷಣ ನಿಮ್ಮ ಮಾತಿನ ತೂಕ ಅರ್ಧ ಕಡಿಮೆಯಾಗುತ್ತದೆ. ಎದುರಿಗಿರುವ ರಿಕ್ರೂಟರ್‌ಗೂ ಅದು ಗೊತ್ತಿರುತ್ತದೆ. ‘ರಿಸೈನ್ ಮಾಡಿದ್ರಾ, ಅಕ್ನಾಲೆಜ್‌ಮೆಂಟ್ ಕಳಿಸಿ’ ಎಂದು ಅವರು ಅವಸರ ಮಾಡುವುದಕ್ಕೆ ಇದೂ ಒಂದು ಕಾರಣ.

ನೋಟಿಸ್ ಷರತ್ತನ್ನು ಹೀಗೆ ಓದಿ

ನಮ್ಮ ಹುಡುಗಿ ಕೇಳಿದಳು, ಮರುದಿನವೇ ಕರಡು ಬಂತು. ಅದರಲ್ಲಿ ಹೀಗಿತ್ತು: ಪ್ರೊಬೇಷನ್ ಆರು ತಿಂಗಳು, ಆಗ ನೋಟಿಸ್ 30 ದಿನ. ಕನ್ಫರ್ಮ್ ಆದ ಮೇಲೆ ಉದ್ಯೋಗಿ 90 ದಿನದ ನೋಟಿಸ್ ಕೊಡಬೇಕು. ಕಂಪನಿ ಮಾತ್ರ 30 ದಿನದ ನೋಟಿಸ್ ಅಥವಾ ಅದರ ಬದಲು ಒಂದು ತಿಂಗಳ ಬೇಸಿಕ್ ಕೊಟ್ಟು ತೆಗೆಯಬಹುದು. ಉದ್ಯೋಗಿ ಪೂರ್ತಿ ನೋಟಿಸ್ ಮಾಡದಿದ್ದರೆ ಉಳಿದ ದಿನಗಳ ಗ್ರಾಸ್ ಸಂಬಳ ವಸೂಲಿ ಮಾಡಲಾಗುವುದು. ಬೇಗ ಬಿಡುಗಡೆ ಮಾಡುವುದು, ಬೈಔಟ್ ಒಪ್ಪುವುದು ಕಂಪನಿಯ ಇಚ್ಛೆಗೆ ಬಿಟ್ಟದ್ದು.

ಎಲ್ಲರ ಕಣ್ಣೂ 90 ಎನ್ನುವ ಅಂಕಿಗೆ ಹೋಗುತ್ತದೆ. ನನ್ನ ಪ್ರಕಾರ ಜಾಸ್ತಿ ಕಾಡುವುದು ಕೊನೆಯ ವಾಕ್ಯ. ಇಂಗ್ಲಿಷ್ ಲೆಟರ್‌ನಲ್ಲಿ ಅದು ‘ಸೋಲ್ ಡಿಸ್ಕ್ರೀಷನ್’ ಎಂಬ ಮಾತಿನಲ್ಲಿ ಇರುತ್ತದೆ. ಅಂದರೆ ನೀವು ದುಡ್ಡು ಕೈಯಲ್ಲಿ ಹಿಡಿದು ನಿಂತರೂ ಅವರು ‘ಬೇಡ, ಕೂತು ಕೆಲಸ ಮಾಡಿ’ ಎನ್ನಬಹುದು. ಕೋರ್ಟು ಯಾರನ್ನೂ ಬಲವಂತವಾಗಿ ಕೆಲಸಕ್ಕೆ ಕೂರಿಸುವುದಿಲ್ಲ. ಇಂಥ ಖಾಸಗಿ ಸೇವೆಯ ಒಪ್ಪಂದಗಳ ವಿಷಯದಲ್ಲಿ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ನಿಲುವೇ ಅದು. ಆದರೆ ಕಂಪನಿಗೆ ಕೋರ್ಟು ಬೇಕಾಗಿಯೇ ಇಲ್ಲ. ರಿಲೀವಿಂಗ್ ಲೆಟರ್ ಅವರ ಕೈಯಲ್ಲಿದೆ. ಮುಂದಿನ ಕಂಪನಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ಗೆ ಅದೇ ಬೇಕು. ಅದನ್ನು ತಡೆದರೆ ಸಾಕು, ನೀವು ಕೂತಲ್ಲೇ ಕೂರುತ್ತೀರಿ.

ಇನ್ನೆರಡು ಸಣ್ಣ ಸಂಗತಿ ನೋಡಿಕೊಳ್ಳಿ. ನೋಟಿಸ್ ಎಣಿಕೆ ಯಾವತ್ತಿನಿಂದ? ರಾಜೀನಾಮೆಯ ಮೇಲ್ ಕಳಿಸಿದ ದಿನದಿಂದಲೋ, ಮ್ಯಾನೇಜರ್ ಅದನ್ನು ಒಪ್ಪಿದ ದಿನದಿಂದಲೋ? ಎರಡನೆಯದಾದರೆ ‘ನಾಳೆ ಮಾತಾಡೋಣ’ ಎನ್ನುತ್ತಾ ಮ್ಯಾನೇಜರ್ ಎರಡು ವಾರ ಎಳೆಯಬಹುದು. ಮತ್ತೆ ಕನ್ಫರ್ಮೇಷನ್ ತಾನಾಗಿ ಆಗುತ್ತದೆಯೋ, ಲೆಟರ್ ಕೊಟ್ಟ ಮೇಲೋ? ಲೆಟರ್ ಕೊಟ್ಟ ಮೇಲೆ ಎಂದಿದ್ದರೆ ಅದು ಬರುವ ತನಕ ನಿಮ್ಮದು 30 ದಿನವೇ. ಇದು ನಿಮ್ಮ ಪರವಾಗಿಯೇ ಇರುವ ಸಾಲು, ಸುಮ್ನೆ ಬಿಟ್ಟುಬಿಡಿ.

ದಿನಗಳನ್ನು ದುಡ್ಡಿಗೆ ಇಳಿಸಿ ನೋಡಿ

ಬೈಔಟ್ ಎಂದರೆ ಕೆಲಸ ಮಾಡದ ನೋಟಿಸ್ ದಿನಗಳಿಗೆ ಕಂಪನಿಗೆ ದುಡ್ಡು ಕಟ್ಟಿ ಹೊರಬರುವುದು. ಅದು ಎಷ್ಟಾಗುತ್ತದೆ ಎನ್ನುವುದು ಬೇಸಿಕ್ ಮೇಲೋ, ಗ್ರಾಸ್ ಮೇಲೋ, ಪೂರ್ತಿ ಸಿಟಿಸಿ ಮೇಲೋ ಎನ್ನುವ ಒಂದು ಪದದ ಮೇಲೆ ನಿಂತಿದೆ.

ಆಕೆಯ ಆಫರ್‌ನಲ್ಲಿ ಸಿಟಿಸಿ ವರ್ಷಕ್ಕೆ 17,40,000 ರೂಪಾಯಿ. ಅಂದರೆ ತಿಂಗಳಿಗೆ 1,45,000. ಅದರಲ್ಲಿ ವೇರಿಯಬಲ್, ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಎಲ್ಲ ತೆಗೆದರೆ ಗ್ರಾಸ್ 1,20,000. ಬೇಸಿಕ್ 60,000. ಮುಂದೆ ಆಕೆ 90 ದಿನದ ನೋಟಿಸ್‌ನಲ್ಲಿ 30 ದಿನ ಕೆಲಸ ಮಾಡಿ ಹೊರಡಬೇಕು ಎಂದಿಟ್ಟುಕೊಳ್ಳಿ. ಉಳಿದದ್ದು 60 ದಿನ. ಬೇಸಿಕ್ ಲೆಕ್ಕವಾದರೆ ಕಟ್ಟಬೇಕಾದ್ದು 1,20,000. ಗ್ರಾಸ್ ಲೆಕ್ಕವಾದರೆ 2,40,000. ಸಿಟಿಸಿ ಲೆಕ್ಕವಾದರೆ 2,90,000. ಈಗ ನೋಟಿಸ್ 60 ದಿನ, ಲೆಕ್ಕ ಬೇಸಿಕ್ ಎಂದು ಬದಲಾಯಿಸಿ ನೋಡಿ. ಉಳಿಯುವುದು 30 ದಿನ, ಕಟ್ಟುವುದು 60,000. ಲೆಟರ್‌ನಲ್ಲಿ ಎರಡು ಕಡೆ ಬದಲಾದರೆ 2,40,000 ಇದ್ದದ್ದು 60,000ಕ್ಕೆ ಇಳಿಯುತ್ತದೆ.

ಈ ಲೆಕ್ಕ ಕಾಗದದ ಮೇಲೆ ಬರೆದುಕೊಂಡೇ ಮಾತಿಗೆ ಕೂರಿ. ‘ನೋಟಿಸ್ ಜಾಸ್ತಿ ಆಯ್ತು’ ಎನ್ನುವ ಮಾತಿಗೆ ಎಚ್‌ಆರ್ ಹತ್ತಿರ ರೆಡಿ ಉತ್ತರ ಇರುತ್ತದೆ. ‘ಕಂಪನಿ ನನ್ನನ್ನು ತೆಗೆದರೆ 60,000, ನಾನು ಬಿಟ್ಟರೆ 2,40,000’ ಎನ್ನುವ ಲೆಕ್ಕಕ್ಕೆ ಇರುವುದಿಲ್ಲ.

ಷರತ್ತಿನಲ್ಲಿ ‘ಅನ್ವಯವಾಗುವ ತೆರಿಗೆ ಸೇರಿ’ ಎಂದು ಬರೆದಿದ್ದರೆ ಅದನ್ನೂ ಕೇಳಿ. ಹಿಂದೆ ಕೆಲವು ಕಡೆ ನೋಟಿಸ್ ವಸೂಲಿಯ ಮೇಲೆ 18% ಜಿಎಸ್‌ಟಿಯನ್ನೂ ಸೇರಿಸಿ ಕೇಳುತ್ತಿದ್ದರು. ನೋಟಿಸ್ ಪೇ ವಸೂಲಿಗೆ ಜಿಎಸ್‌ಟಿ ಇಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಸ್ಪಷ್ಟ ಮಾಡಿದೆ. ಹಳೆ ನಮೂನೆಯ ಲೆಟರ್‌ಗಳಲ್ಲಿ ಆ ಮಾತು ಇನ್ನೂ ಉಳಿದಿರಬಹುದು.

ಏನು ಕೇಳಬೇಕು ಎಂದು ತೀರ್ಮಾನಿಸಿ

ಇಲ್ಲಿ ಒಳಗಿನ ಒಂದು ವಿಷಯ ಹೇಳಬೇಕು. ನಿಮ್ಮ ಜೊತೆ ಮಾತಾಡುವ ರಿಕ್ರೂಟರ್‌ಗೆ ದಿನಗಳನ್ನು ಬದಲಾಯಿಸುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ. ನೋಟಿಸ್ ದಿನ ಗ್ರೇಡಿಗೆ ಕಟ್ಟಿದ್ದು. ಎಚ್‌ಆರ್ ಸಾಫ್ಟ್‌ವೇರ್‌ನಲ್ಲಿ ಗ್ರೇಡ್ ಹಾಕಿದರೆ 90 ತಾನಾಗಿ ಬರುತ್ತದೆ. ಒಬ್ಬರಿಗೆ 60 ಮಾಡಿದರೆ ಅದೇ ಗ್ರೇಡಿನ ಉಳಿದವರು ನಾಳೆ ಕೇಳುತ್ತಾರೆ ಎನ್ನುವ ಹೆದರಿಕೆ ಬೇರೆ. ಆದರೆ ಬೈಔಟ್‌ನ ಮಾತು ಹಾಗಲ್ಲ. ಅದು ಲೆಟರಿನ ಒಂದು ವಾಕ್ಯ. ಸಾಫ್ಟ್‌ವೇರ್‌ನಲ್ಲಿ 90 ಹಾಗೇ ಇದ್ದರೂ ವಾಕ್ಯ ಬದಲಾಗಬಹುದು. ಎಚ್‌ಆರ್ ಮುಖ್ಯಸ್ಥರು ಒಪ್ಪಿದರೆ ಆಗಿಹೋಯಿತು.

ಅದಕ್ಕೇ ಎರಡು ಕೋರಿಕೆ ಜೊತೆಯಾಗಿ ಇಟ್ಟುಕೊಳ್ಳಿ. ಮೊದಲನೆಯದು, ನೋಟಿಸ್ ಎರಡೂ ಕಡೆಗೆ 60 ದಿನ. ಅದು ಆಗದಿದ್ದರೆ ಎರಡನೆಯದು: 90 ದಿನವೇ ಇರಲಿ, ಆದರೆ ಮೊದಲ 30 ದಿನ ಕೆಲಸ ಮಾಡಿ, ಹ್ಯಾಂಡೋವರ್ ಮುಗಿಸಿದ ಮೇಲೆ, ಉಳಿದ ದಿನಗಳಿಗೆ ಬೇಸಿಕ್ ಲೆಕ್ಕದಲ್ಲಿ ದುಡ್ಡು ಕಟ್ಟಿ ಹೋಗುವ ಹಕ್ಕು ಉದ್ಯೋಗಿಗೂ ಇರಬೇಕು. ಈ ಎರಡನೆಯದರಲ್ಲಿ ‘ಹಕ್ಕು’ ಎನ್ನುವುದೇ ಮುಖ್ಯ. ಲೆಟರಿನ ಭಾಷೆಯಲ್ಲಿ ‘ಈದರ್ ಪಾರ್ಟಿ’ ಎಂದು ಬರಬೇಕು, ‘ಕಂಪನಿ ಒಪ್ಪಿದರೆ’ ಎಂದಲ್ಲ.

ನಿಜ ಹೇಳಬೇಕೆಂದರೆ ನನಗೆ ಎರಡನೆಯದೇ ಹೆಚ್ಚು ಇಷ್ಟ. ಬೈಔಟ್ ಇಲ್ಲದ 60 ದಿನಕ್ಕಿಂತ, ಬೈಔಟ್ ಹಕ್ಕಿರುವ 90 ದಿನ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೊದಲನೆಯದರಲ್ಲಿ ಎರಡು ತಿಂಗಳು ಕಾಯಲೇಬೇಕು. ಎರಡನೆಯದರಲ್ಲಿ ಒಂದು ತಿಂಗಳಲ್ಲಿ ಹೋಗಬಹುದು, ಬೆಲೆ ಎಷ್ಟು ಅನ್ನೋದೂ ಮೊದಲೇ ಗೊತ್ತು. ಆ ಬೆಲೆಯನ್ನು ಮುಂದಿನ ಕಂಪನಿ ಕೊಡುವುದೂ ಉಂಟು.

ಕೇಳುವ ರೀತಿ

ಕೇಳಲು ಸರಿಯಾದ ಹೊತ್ತು ಒಂದೇ: ಸಂಬಳ ನಿಗದಿಯಾಗಿ, ಆಫರ್ ಬಂದು, ನೀವು ಇನ್ನೂ ಒಪ್ಪದೆ ಇರುವ ಆ ಎರಡು ಮೂರು ದಿನ. ಅದಕ್ಕಿಂತ ಮೊದಲು, ಇಂಟರ್‌ವ್ಯೂ ನಡೆಯುವಾಗ ಕೇಳಿದರೆ ‘ಇವರು ಬರುವ ಮೊದಲೇ ಹೋಗುವ ಮಾತಾಡ್ತಾರೆ’ ಅನಿಸುತ್ತದೆ. ಒಪ್ಪಿದ ಮೇಲೆ ಕೇಳಿದರೆ ಉತ್ತರ ಕೊಡುವ ಅಗತ್ಯ ಯಾರಿಗೂ ಇರುವುದಿಲ್ಲ. ಸಂಬಳದ ಚೌಕಾಸಿ ಜೊತೆ ಇದನ್ನು ಬೆರೆಸಬೇಡಿ. ಬೆರೆಸಿದರೆ ಹತ್ತು ಸಾವಿರ ಜಾಸ್ತಿ ಕೊಟ್ಟು ನೋಟಿಸ್ ಮಾತನ್ನು ಮುಚ್ಚಿಬಿಡುತ್ತಾರೆ.

ಮೊದಲು ಫೋನಿನಲ್ಲಿ ಹೇಳಿ, ಆಮೇಲೆ ಮೇಲ್ ಮಾಡಿ. ಬರೀ ಮೇಲ್ ಕಳಿಸಿದರೆ ಅದು ನೋಟಿಸ್ ಕೊಟ್ಟಂತೆ ಕಾಣುತ್ತದೆ. ಬರೀ ಫೋನ್ ಮಾಡಿದರೆ ದಾಖಲೆ ಉಳಿಯುವುದಿಲ್ಲ. ಫೋನ್ ಮಾಡುವಾಗ ‘ನಾನು ಬೇಗ ಬಿಟ್ಟು ಹೋಗಬಹುದು’ ಎನ್ನುವ ಸುಳಿವು ಬೇಡ. ನಮ್ಮ ಹುಡುಗಿಗೆ ಎರಡು ಮೂರು ವರ್ಷದಲ್ಲಿ ಮದುವೆಯಾಗಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವ ಯೋಚನೆ ಇತ್ತು. ಅದನ್ನು ಹೇಳುವ ಅಗತ್ಯವೇ ಇಲ್ಲ ಎಂದೆ. ಹೇಳಬೇಕಾದ ವಾದ ಬೇರೆಯೇ ಇದೆ, ಅದು ಆ ಕಂಪನಿಯ ಆಫರ್ ಲೆಟರ್‌ನಲ್ಲೇ ಇತ್ತು. ಸೇರುವ ದಿನ 45 ದಿನದೊಳಗೆ ಎಂದು ಬರೆದಿದ್ದರು. ಅಂದರೆ ಬೇರೆಯವರ ಕಂಪನಿಯಿಂದ ಜನ 45 ದಿನದಲ್ಲಿ ಬರಬೇಕು, ಇವರಿಂದ ಹೋಗುವಾಗ ಮಾತ್ರ 90 ದಿನ. ಇದನ್ನು ಮೃದುವಾಗಿ ಮುಂದಿಟ್ಟರೆ ಯಾವ ಎಚ್‌ಆರ್‌ಗೂ ಅಲ್ಲಗಳೆಯುವುದು ಕಷ್ಟ.

ಆಕೆ ಇಂಗ್ಲಿಷಿನಲ್ಲಿ ಕಳಿಸಿದ ಮೇಲ್‌ನ ಸಾರ ಇದು:

‘ಫೋನಿನಲ್ಲಿ ಮಾತಾಡಿದಂತೆ, ಆಫರ್ ನನಗೆ ಒಪ್ಪಿಗೆ ಇದೆ. ಕರಡಿನ ನೋಟಿಸ್ ಷರತ್ತಿನ ಬಗ್ಗೆ ಒಂದು ಕೋರಿಕೆ. ಈಗ ಕಂಪನಿಗೆ 30 ದಿನ, ಉದ್ಯೋಗಿಗೆ 90 ದಿನ ಇದೆ. ಕಂಪನಿಗೆ ಬೇಸಿಕ್ ಕೊಟ್ಟು ಮುಗಿಸುವ ಅವಕಾಶವಿದೆ, ಉದ್ಯೋಗಿಯಿಂದ ಗ್ರಾಸ್ ವಸೂಲಿ ಎಂದಿದೆ. ಎರಡೂ ಕಡೆಗೆ 60 ದಿನ ಮಾಡಲು ಸಾಧ್ಯವೇ? ಪಾಲಿಸಿಯ ಪ್ರಕಾರ 90 ದಿನ ಬದಲಾಗುವುದಿಲ್ಲ ಎಂದಾದರೆ, 30 ದಿನ ಕೆಲಸ ಮಾಡಿ ಹ್ಯಾಂಡೋವರ್ ಮುಗಿಸಿದ ನಂತರ ಉಳಿದ ದಿನಗಳನ್ನು ಬೇಸಿಕ್ ಲೆಕ್ಕದಲ್ಲಿ ಬೈಔಟ್ ಮಾಡುವ ಅವಕಾಶ ಎರಡೂ ಕಡೆಯವರಿಗೆ ಇರಲಿ. ಬಾಕಿ ರಜೆಯನ್ನು ಅದಕ್ಕೆ ಹೊಂದಿಸಿಕೊಳ್ಳುವಂತಾಗಲಿ. ಇದು ತಿದ್ದಿದ ಲೆಟರ್ ಬಂದ ದಿನವೇ ಒಪ್ಪಿ ಸಹಿ ಮಾಡುತ್ತೇನೆ.’

ಕೊನೆಯ ವಾಕ್ಯ ಬಿಡಬೇಡಿ. ರಿಕ್ರೂಟರ್ ಇದನ್ನು ಹಿಡಿದುಕೊಂಡು ತನ್ನ ಮೇಲಿನವರ ಹತ್ತಿರ ಹೋಗಬೇಕು. ‘ಇಷ್ಟು ಮಾಡಿದರೆ ಇವತ್ತೇ ಸಹಿ ಆಗುತ್ತದೆ’ ಎಂದು ಹೇಳುವ ಅನುಕೂಲ ಆ ರಿಕ್ರೂಟರ್‌ಗೆ ಬೇಕು. ಹೈರಿಂಗ್ ಮ್ಯಾನೇಜರ್‌ಗೂ ಒಂದು ಸಾಲು ತಿಳಿಸಿ. ಖಾಲಿ ಸೀಟಿನ ತಲೆನೋವು ನಿಜವಾಗಿ ಇರುವುದು ಅವರಿಗೆ.

ಬರುವ ಉತ್ತರಗಳು

‘ಇದು ಕಂಪನಿ ಪಾಲಿಸಿ, ಎಲ್ಲರಿಗೂ ಒಂದೇ.’ ಮೊದಲ ಉತ್ತರ ಹೆಚ್ಚಾಗಿ ಇದೇ. ಇದನ್ನು ‘ಇಲ್ಲ’ ಎಂದು ತಿಳಿಯಬೇಡಿ. ದಿನ ಬದಲಾಗುವುದಿಲ್ಲ ಎಂದಷ್ಟೇ ಇದರ ಅರ್ಥ. ‘ಸರಿ, ದಿನ ಹಾಗೇ ಇರಲಿ. ಬೈಔಟ್ ವಾಕ್ಯದ ಬಗ್ಗೆ ಏನಂತೀರಿ?’ ಎಂದು ಎರಡನೆಯ ಕೋರಿಕೆಗೆ ಬನ್ನಿ.

‘ಚಿಂತೆ ಬೇಡ, ನಾವು ಯಾವಾಗಲೂ ಬೇಗ ಬಿಡುತ್ತೇವೆ.’ ಇದು ಸಿಹಿಯಾದ ಉತ್ತರ, ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದೂ ಇದೇ. ಹೇಳಿದವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ನೀವು ಬಿಡುವ ಹೊತ್ತಿಗೆ ಆ ರಿಕ್ರೂಟರ್ ಬೇರೆ ಕಂಪನಿಯಲ್ಲಿರುತ್ತಾರೆ. ನಿಮ್ಮ ಪ್ರಾಜೆಕ್ಟ್ ಡೆಲಿವರಿ ಹತ್ತಿರ ಬಂದಿರುತ್ತದೆ. ಹೊಸ ಮ್ಯಾನೇಜರ್ ಲೆಟರ್ ತೆಗೆದು ನೋಡುತ್ತಾರೆ, ಬಾಯಿಮಾತು ಅಲ್ಲಿ ಇರುವುದಿಲ್ಲ. ‘ಹೇಗೂ ಹಾಗೇ ಮಾಡುತ್ತೀರಲ್ವಾ, ಹಾಗಿದ್ದರೆ ಅದನ್ನೇ ಲೆಟರ್‌ನಲ್ಲಿ ಬರೆದುಬಿಡಿ’ ಎನ್ನಿ.

‘ನಿಮ್ಮ ಹಳೆ ಕಂಪನಿಯ ಬೈಔಟ್ ನಾವು ಕೊಡುತ್ತೇವಲ್ಲ’ ಎಂದು ಮಾತು ತಿರುಗಿಸುವವರೂ ಇದ್ದಾರೆ. ಅದು ಒಳ್ಳೆಯದೇ, ಆದರೆ ಬೇರೆ ವಿಷಯ. ಅದನ್ನು ತೆಗೆದುಕೊಳ್ಳುವುದಾದರೆ ಒಂದೆರಡು ಸಂಗತಿ ಗಮನಿಸಿ. ಆ ದುಡ್ಡು ಸಾಮಾನ್ಯವಾಗಿ ಸೇರಿದ ಮೇಲೆ ಸಂಬಳದ ಜೊತೆ ಬರುತ್ತದೆ, ಹಳೆ ಕಂಪನಿಗೆ ನೀವೇ ಮೊದಲು ಕಟ್ಟಿರಬೇಕು. ಸಂಬಳದ ಹಾಗೆ ತೆರಿಗೆ ಕಡಿತವೂ ಆಗುತ್ತದೆ. ನೀವು 20% ಸ್ಲ್ಯಾಬ್‌ನಲ್ಲಿದ್ದರೆ ಸೆಸ್ ಸೇರಿ 1,00,000ಕ್ಕೆ 20,800 ಹೋಗಿ ಕೈಗೆ 79,200 ಬರುತ್ತದೆ. ಹಾಗಾಗಿ ‘ತೆರಿಗೆ ಕಳೆದು ಪೂರ್ತಿ ಮೊತ್ತ ಸಿಗುವಂತೆ ಕೊಡಿ’ ಎಂದು ಆಗಲೇ ಕೇಳಬೇಕು. ಇನ್ನು, ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಎನ್ನುವ ಷರತ್ತು ಜೊತೆಗೇ ಬರುತ್ತದೆ. ವಾಪಸಾತಿ ತಿಂಗಳು ತಿಂಗಳು ಕಡಿಮೆಯಾಗುತ್ತಾ ಹೋಗಬೇಕು, ಕಂಪನಿಯೇ ತೆಗೆದರೆ ಅನ್ವಯಿಸಬಾರದು. ಇಷ್ಟು ಬರೆಸಿಕೊಳ್ಳಿ.

ಆಕೆಗೆ ಬಂದದ್ದು ಮೊದಲ ಉತ್ತರ. ಪಾಲಿಸಿ, ದಿನ ಬದಲಾಗುವುದಿಲ್ಲ. ಎರಡನೆಯ ಕೋರಿಕೆಯನ್ನು ಎಚ್‌ಆರ್ ಮುಖ್ಯಸ್ಥರ ಹತ್ತಿರ ಒಯ್ದರು. ಎರಡು ದಿನ ಸುದ್ದಿಯೇ ಇಲ್ಲ. ಹುಡುಗಿಗೆ ಗಾಬರಿ.

“ಮೌಶಿ, ಆಫರ್ ವಾಪಸ್ ತಗೋತಾರೇನೋ?”

“ನೋಟಿಸ್ ಬಗ್ಗೆ ಮರ್ಯಾದಿಂದ ಕೇಳಿದ್ದಕ್ಕ ಯಾರೂ ಆಫರ್ ತಗೊಳಂಗಿಲ್ಲ. ಅವರಿಗೂ ಇನ್ನೊಬ್ಬರನ್ನ ಹುಡುಕೋದು ತ್ರಾಸ್ ಅದ. ಸುಮ್ನ ಇರು.”

ಮೂರನೆಯ ದಿನ ಅವರು ಒಂದು ಮಧ್ಯದ ದಾರಿ ಕಳಿಸಿದರು. ಕಡ್ಡಾಯವಾಗಿ 45 ದಿನ ಕೆಲಸ ಮಾಡಬೇಕು. ಉಳಿದ 45 ದಿನವನ್ನು ಬೇಸಿಕ್ ಲೆಕ್ಕದಲ್ಲಿ ಬೈಔಟ್ ಮಾಡಬಹುದು. ರಜೆ ಹೊಂದಿಸಲು ಬರುವುದಿಲ್ಲ. ಲೆಕ್ಕ ಹಾಕಿದೆವು. 45 ದಿನಕ್ಕೆ ಬೇಸಿಕ್ 90,000. ಹಳೆ ಷರತ್ತಿನಲ್ಲಿ ಅದೇ 45 ದಿನಕ್ಕೆ 1,80,000, ಅದೂ ಅವರು ಒಪ್ಪಿದರೆ ಮಾತ್ರ. ಒಪ್ಪಿಕೋ ಎಂದೆ. ರಜೆಯ ಮಾತಿಗಾಗಿ ಇನ್ನೂ ಎಳೆಯುವುದರಲ್ಲಿ ಅರ್ಥವಿರಲಿಲ್ಲ.

ಎಲ್ಲಿ ಆಗುವುದಿಲ್ಲ

ಕೇಳಿದರೂ ಸಿಗದ ಕಡೆಗಳು ಇವೆ. ಸಾವಿರಗಟ್ಟಲೆ ಜನರನ್ನು ಒಟ್ಟಿಗೆ ತೆಗೆದುಕೊಳ್ಳುವ ದೊಡ್ಡ ಸರ್ವಿಸ್ ಕಂಪನಿಗಳಲ್ಲಿ ಕೆಳಗಿನ ಗ್ರೇಡುಗಳಿಗೆ ಲೆಟರಿನ ಒಂದು ಅಕ್ಷರವೂ ಅಲುಗಾಡುವುದು ಕಷ್ಟ. ಫ್ರೆಶರ್‌ಗಳು ಕೇಳಿ ಪ್ರಯೋಜನ ಕಡಿಮೆ. ಅವರು ನೋಟಿಸ್‌ಗಿಂತ ಟ್ರೇನಿಂಗ್ ಬಾಂಡ್ ಕಡೆ ಗಮನ ಕೊಡಲಿ. ಅಂಥ ಬಾಂಡ್‌ಗಳು ಬರೀ ಬೆದರಿಕೆ ಎಂದು ತಿಳಿಯುವುದು ತಪ್ಪು. ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಎಂಬ ಒಂದು ಸರಕಾರಿ ಬ್ಯಾಂಕಿನ ಷರತ್ತನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಸಹಿ ಹಾಕಿದ ಮೇಲೆ ‘ಇದು ನಡೆಯೋದಿಲ್ಲ ಬಿಡಿ’ ಎಂದು ಯಾರೋ ಹೇಳಿದ್ದನ್ನು ನಂಬಬೇಡಿ.

ಅವಕಾಶ ಹೆಚ್ಚಿರುವುದು ಮಧ್ಯಮ ಗಾತ್ರದ ಕಂಪನಿಗಳಲ್ಲಿ, ಸ್ಟಾರ್ಟಪ್‌ಗಳಲ್ಲಿ, ನಾಲ್ಕೈದು ವರ್ಷಕ್ಕಿಂತ ಹೆಚ್ಚು ಅನುಭವ ಇದ್ದವರಿಗೆ, ಅದರಲ್ಲೂ ನಿಮ್ಮ ಸೀಟು ತುಂಬುವುದು ಅವರಿಗೆ ಅವಸರವಾಗಿದ್ದಾಗ. ಗೋವಾದ ಸಣ್ಣ ಕಂಪನಿಗಳಲ್ಲಿ, ಮುಂಬೈ ಅಂಧೇರಿ ಕಡೆಯ ಚಿಕ್ಕ ಆಫೀಸುಗಳಲ್ಲಿ ನೇರ ಮಾಲೀಕರ ಜೊತೆಯೇ ಮಾತಾಗುತ್ತದೆ. ಅಲ್ಲಿ ದಿನಗಳೇ ಕಡಿಮೆಯಾದದ್ದನ್ನೂ ನೋಡಿದ್ದೇನೆ.

ಎರಡೂ ಕೋರಿಕೆಗೆ ‘ಇಲ್ಲ’ ಬಂದರೆ? ಕೆಲಸ ಚೆನ್ನಾಗಿದ್ದರೆ ಸೇರಿ, ಬೇಡ ಎನ್ನಲಾರೆ. ಆದರೆ ಒಂದು ಕೊನೆಯ ಪ್ರಶ್ನೆ ಕೇಳಿಯೇ ಸೇರಿ: ‘ಬೈಔಟ್ ಆದರೆ ಲೆಕ್ಕ ಯಾವುದರ ಮೇಲೆ?’ ಇದಕ್ಕೆ ಮೇಲ್‌ನಲ್ಲಿ ‘ಬೇಸಿಕ್’ ಎಂಬ ಉತ್ತರ ಬಂದರೂ ಅದನ್ನು ಜೋಪಾನ ಮಾಡಿ. ಪ್ರೊಬೇಷನ್‌ನ ಆರು ತಿಂಗಳು ನಿಮ್ಮ ನೋಟಿಸ್ 30 ದಿನ ಎನ್ನುವುದೂ ನೆನಪಿರಲಿ. ಕೆಲಸ ಹೊಂದುವುದಿಲ್ಲ ಅನಿಸಿದರೆ ತೀರ್ಮಾನವನ್ನು ಅಷ್ಟರೊಳಗೆ ಮಾಡಿ.

ಬರಹದಲ್ಲಿ ಬರುವ ತನಕ ಮುಗಿದಿಲ್ಲ

‘ಒಪ್ಪಿದ್ದೇವೆ’ ಎಂದು ಎಚ್‌ಆರ್ ಮೇಲ್ ಬಂದರೆ ಸಂತೋಷ, ಆದರೆ ಅಷ್ಟು ಸಾಲದು. ಲೆಟರ್‌ನ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ಈ ಪತ್ರವೇ ಪೂರ್ತಿ ಒಪ್ಪಂದ, ಇದಕ್ಕೆ ಮೊದಲಿನ ಎಲ್ಲ ಮಾತುಕತೆ, ಪತ್ರಗಳು ಇದರಿಂದ ರದ್ದು. ಅದಕ್ಕೆ ಸಹಿ ಹಾಕಿದ ಕ್ಷಣ ನಿಮ್ಮ ಮೇಲ್‌ಗೆ ಬೆಲೆ ಕಡಿಮೆಯಾಗುತ್ತದೆ. ಹಾಗಾಗಿ ಬದಲಾವಣೆ ಅಪಾಯಿಂಟ್‌ಮೆಂಟ್ ಲೆಟರ್ ಒಳಗೇ ಬರಬೇಕು. ಸಾಫ್ಟ್‌ವೇರ್ ಬಿಡುವುದಿಲ್ಲ ಎಂದರೆ ಲೆಟರ್‌ಹೆಡ್ ಮೇಲೆ, ಸಹಿ ಸಮೇತ ಒಂದು ಅಡೆಂಡಮ್, ಅಂದರೆ ಪೂರಕ ಪತ್ರ, ಕೇಳಿ. ಅದರಲ್ಲಿ ‘ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಅಥವಾ ಕಂಪನಿ ಪಾಲಿಸಿಯಲ್ಲಿ ಏನೇ ಇದ್ದರೂ ಇದೇ ಅನ್ವಯ’ ಎಂಬ ಮಾತು ಇರಲೇಬೇಕು. ಪಾಲಿಸಿಯನ್ನು ಕಂಪನಿ ಆಗಾಗ ತಿದ್ದಬಹುದು ಎಂಬ ಸಾಲು ಇನ್ನೊಂದು ಕಡೆ ಇರುತ್ತದೆ. ಈ ಮಾತು ಇಲ್ಲದಿದ್ದರೆ ಆರು ತಿಂಗಳಲ್ಲಿ ಹೊಸ ಪಾಲಿಸಿ ಬಂದು ನಿಮ್ಮ 45 ಮತ್ತೆ 90 ಆಗಬಹುದು.

ಅಡೆಂಡಮ್‌ನಲ್ಲಿ ಇನ್ನೊಂದು ವಾಕ್ಯವನ್ನೂ ಸೇರಿಸಿಕೊಂಡೆವು: ಬೈಔಟ್ ಮೊತ್ತ ಕಟ್ಟಿ, ಹ್ಯಾಂಡೋವರ್ ಮುಗಿಸಿದವರಿಗೆ ರಿಲೀವಿಂಗ್ ಲೆಟರ್ ಮತ್ತು ಅನುಭವ ಪತ್ರವನ್ನು ಪೂರ್ತಿ ನೋಟಿಸ್ ಮಾಡಿದವರಂತೆಯೇ ಕೊಡಲಾಗುವುದು. ಇದು ಇಲ್ಲದೆ ದುಡ್ಡು ಕಟ್ಟಿಯೂ ‘ನೋಟಿಸ್ ಪೂರ್ತಿ ಮಾಡಿಲ್ಲ’ ಎಂಬ ಷರಾ ಬರೆಸಿಕೊಂಡು ಬಂದವರಿದ್ದಾರೆ.

ಇದೆಲ್ಲ ಕೈಗೆ ಬಂದ ಮೇಲೆ ಹಿಂಜವಡಿಯಲ್ಲಿ ರಾಜೀನಾಮೆ ಕೊಟ್ಟಳು. ಸೇರುವ ದಿನ ಮತ್ತೆ ಒಂದು ಕಂತೆ ಕಾಗದ ಕೊಡುತ್ತಾರೆ ಎಂದು ಹೇಳಿಯೇ ಕಳಿಸಿದ್ದೆ. ಹಾಗೇ ಆಯಿತು. ಅದರಲ್ಲಿ ಹಳೆ ನಮೂನೆಯ ಲೆಟರ್ ಇತ್ತು, 90 ದಿನ, ಗ್ರಾಸ್ ವಸೂಲಿ, ಎಲ್ಲ ಹಾಗೇ. ಯಾರೂ ಬೇಕಂತ ಮಾಡಿದ್ದಲ್ಲ. ಪ್ರಿಂಟ್ ತೆಗೆದವರಿಗೆ ಅಡೆಂಡಮ್ ವಿಷಯ ಗೊತ್ತಿರಲಿಲ್ಲ ಅಷ್ಟೇ. ಆಕೆ ಅಡೆಂಡಮ್ ತೆಗೆದು ತೋರಿಸಿದಳು. ಸಹಿಯ ಪಕ್ಕ ‘ಇಂಥ ದಿನಾಂಕದ ಅಡೆಂಡಮ್‌ಗೆ ಒಳಪಟ್ಟು’ ಎಂದು ಕೈಯಲ್ಲೇ ಬರೆದು ಸಹಿ ಹಾಕಿದಳು. ಆ ಪುಟದ ಫೋಟೋವನ್ನು, ಅಡೆಂಡಮ್‌ನ ಪಿಡಿಎಫ್ ಅನ್ನು ತನ್ನ ಸ್ವಂತ ಮೇಲ್‌ಗೆ ಕಳಿಸಿಕೊಂಡಳು. ಆಫೀಸಿನ ಮೇಲ್‌ನಲ್ಲಿ ಮಾತ್ರ ಇಟ್ಟರೆ, ಕೆಲಸ ಬಿಡುವ ದಿನ ಅದೂ ಬಂದ್ ಆಗಿರುತ್ತದೆ.